ಕೀಟನಾಶಕದ ಎಣ್ಣಿ ಬಾಟ್ಲಿಯ ಫೋಟೋ ನೋಡಿ ಅಸಲಿ-ನಕಲಿ ಪರೀಕ್ಷಿಸುವುದು ಹೇಗೆ: ಹಾಲೋಗ್ರಾಂ ಮತ್ತು ಕ್ಯೂಆರ್ ಕೋಡ್

ತೊಗರಿ ಹೂವಿಗೆ ಬಂತೆಂದರೆ ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ನನ್ನ ಫೋನಿಗೆ ಬಾಟ್ಲಿಗಳ ಫೋಟೋ ಬರಲು ಶುರುವಾಗುತ್ತವೆ. "ಕಾಕಾ, ಇದು ಅಸಲಿ ಅದನಾ, ಡೂಪ್ಲಿಕೇಟ್ ಅದನಾ, ಜರಾ ನೋಡ್ರಿ" ಎಂದು ಕೇಳುತ್ತಾರೆ. ಕಾಯಿಕೊರಕಕ್ಕೆ ಹೊಡೆಯುವ ಎಣ್ಣಿ ಅಗ್ಗದ್ದಲ್ಲ. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಹುಳ ಚಿಕ್ಕದಿದ್ದಾಗ ಹೊಡೆದರೆ ಮಾತ್ರ ಔಷಧಿ ಸರಿಯಾಗಿ ಕೆಲಸ ಮಾಡುತ್ತದೆ. ನಕಲಿ ಹೊಡೆದು ನಾಲ್ಕೈದು ದಿನ ಕಾದು ಕುಳಿತರೆ, ಅಷ್ಟರಲ್ಲಿ ಹುಳ ಬೆಳೆದು ಕಾಯಿ ಒಳಗೆ ತಲೆ ಹಾಕಿರುತ್ತದೆ. ಆಮೇಲೆ ಅಸಲಿ ತಂದು ಹೊಡೆದರೂ ಹೋದ ಕಾಯಿ ವಾಪಸ್ ಬರುವುದಿಲ್ಲ.

ಅದಕ್ಕೇ ಈ ಬರಹ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಫೋಟೋ ನೋಡಿ "ಇದು ನಕಲಿ" ಎಂದು ಎಷ್ಟೋ ಸಲ ಖಚಿತವಾಗಿ ಹೇಳಬಹುದು. "ಇದು ಅಸಲಿ" ಎಂದು ಮಾತ್ರ ಯಾವತ್ತೂ ಖಚಿತವಾಗಿ ಹೇಳಲಾಗದು. ಹೆಚ್ಚೆಂದರೆ "ಇದರಲ್ಲಿ ತಪ್ಪು ಕಾಣಲಿಲ್ಲ" ಎನ್ನಬಹುದು. ಸ್ಟಿಕರ್ ಅಸಲಿಯೇ ಇದ್ದು ಒಳಗಿನ ಎಣ್ಣಿ ನಕಲಿ ಇರಬಹುದು, ಅಲ್ವಾ? ಹಳೇ ಬಾಟ್ಲಿಗೆ ಏನೋ ತುಂಬಿ ಮಾರುವವರೂ ಇದ್ದಾರೆ.

ಮೊದಲು ಸರಿಯಾದ ಫೋಟೋ ತರಿಸಿಕೊಳ್ಳಿ

ಬರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಪರೀಕ್ಷೆಗೆ ಬರುವುದೇ ಇಲ್ಲ. ಬಾಟ್ಲಿಯ ಮುಂಭಾಗ, ದೊಡ್ಡ ಹೆಸರು, ಹಿಂದೆ ಹೊಲ. ಅದರಿಂದ ಏನೂ ತಿಳಿಯುವುದಿಲ್ಲ. ವಾಟ್ಸಾಪ್ ಬೇರೆ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಕ್ಯೂಆರ್ ಕೋಡಿನ ಸಣ್ಣ ಚೌಕಗಳು, ಬ್ಯಾಚ್ ನಂಬರಿನ ಚುಕ್ಕಿ ಅಕ್ಷರಗಳು ಅಲ್ಲೇ ಕಲಸಿಹೋಗುತ್ತವೆ. ಫೋಟೋ ಕಳಿಸುವಾಗ ಮೇಲೆ ಕಾಣುವ `HD` ಗುಂಡಿ ಒತ್ತಿ ಕಳಿಸಲು ಹೇಳಿ. ಅದಕ್ಕಿಂತ ಒಳ್ಳೆಯದು ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು. ಹಾಗೆ ಕಳಿಸಿದರೆ ಹಿಂಡುವುದೇ ಇಲ್ಲ, ತೆಗೆದ ಹಾಗೆಯೇ ಬರುತ್ತದೆ.

ನಾನು ಕೇಳುವುದು ಇಷ್ಟು. ಬ್ಯಾಚ್ ನಂಬರ್, ತಯಾರಿ ತಾರೀಖು, ಮುಗಿಯುವ ತಾರೀಖು ಇರುವ ಜಾಗದ ಹತ್ತಿರದ ಫೋಟೋ. ಕ್ಯೂಆರ್ ಕೋಡನ್ನು ನೇರ ಎದುರಿನಿಂದ ತೆಗೆದ ಫೋಟೋ. ಬಾಟ್ಲಿ ದುಂಡಗಿರುವುದರಿಂದ ಕೋಡು ಬದಿಗೆ ಬಾಗುತ್ತದೆ, ಆದ್ದರಿಂದ ಕೋಡು ನಡುವಿಗೆ ಬರುವಂತೆ ತಿರುಗಿಸಿ ತೆಗೆಯಬೇಕು. ಮುಚ್ಚಳ ಮತ್ತು ಕುತ್ತಿಗೆಯ ಫೋಟೋ. ಹಾಲೋಗ್ರಾಂಗೆ ಮಾತ್ರ ಫೋಟೋ ಬೇಡ, ಹತ್ತು ಸೆಕೆಂಡಿನ ವಿಡಿಯೋ ಬೇಕು. ಸಾಧ್ಯವಾದರೆ ಒಂದಲ್ಲ, ಎರಡು ಬಾಟ್ಲಿ ಪಕ್ಕಪಕ್ಕ ಇಟ್ಟು ಇದೆಲ್ಲ ತೆಗೆಯಲು ಹೇಳಿ. ಎರಡು ಬಾಟ್ಲಿ ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಹಾಲೋಗ್ರಾಂ: ಹೊಳಪು ನೋಡಬೇಡಿ, ಬದಲಾವಣೆ ನೋಡಿ

ಹಾಲೋಗ್ರಾಂ ಎಂದರೆ ಬಣ್ಣದ ಶಾಯಿಯಿಂದ ಮುದ್ರಿಸಿದ ಚಿತ್ರವಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಒತ್ತಿ, ಅದಕ್ಕೆ ಅಲ್ಯೂಮಿನಿಯಂ ಲೇಪ ಕೊಟ್ಟಿರುತ್ತಾರೆ. ಬೆಳಕು ಆ ಗೀರುಗಳಿಗೆ ಬಡಿದು ಬಣ್ಣಬಣ್ಣವಾಗಿ ಬೇರೆ ಬೇರೆ ದಿಕ್ಕಿಗೆ ಚದುರುತ್ತದೆ. ಒಂದು ಕೋನದಿಂದ ಒಂದು ಚಿತ್ರ, ಇನ್ನೊಂದು ಕೋನದಿಂದ ಇನ್ನೊಂದು ಚಿತ್ರ ಕಾಣುವಂತೆ ಗೀರುಗಳನ್ನು ಜೋಡಿಸಿರುತ್ತಾರೆ. ಅದರ ಗುಣವೇ ಬದಲಾಗುವುದು. ಒಂದು ಫೋಟೋ ಆ ಬದಲಾವಣೆಯನ್ನು ತೋರಿಸಲಾರದು. ಹಾಗಾಗಿ "ಫೋಟೋದಲ್ಲಿ ಮಸುಕಾಗಿ ಬೂದಿ ಬಣ್ಣ ಕಾಣ್ತಿದೆ, ನಕಲಿ ಇರಬೇಕು" ಎನ್ನಬೇಡಿ. ಬೆಳಕು ಸರಿಯಾದ ಕೋನದಿಂದ ಬೀಳದಿದ್ದರೆ ಅಸಲಿ ಹಾಲೋಗ್ರಾಂ ಕೂಡ ಹಾಗೇ ಕಾಣುತ್ತದೆ. "ಥಳಥಳ ಹೊಳೀತದ, ಅಸಲಿ" ಎನ್ನುವುದೂ ಅಷ್ಟೇ ತಪ್ಪು.

ವಿಡಿಯೋ ತೆಗೆಯುವ ರೀತಿ ಹೀಗೆ. ಬಿಸಿಲಿಗೆ ಹೋಗಬೇಡಿ, ಅಲ್ಲಿ ಬರೀ ಬಿಳಿ ಹೊಳಪು ಬರುತ್ತದೆ. ಮನೆಯೊಳಗೆ ಕಿಟಕಿ ಹತ್ತಿರ ನಿಲ್ಲಿ. ಫೋನನ್ನು ಅಲುಗಾಡಿಸದೆ ಹಿಡಿದು, ಬಾಟ್ಲಿಯನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ, ಆಮೇಲೆ ಮುಂದಕ್ಕೆ, ಹಿಂದಕ್ಕೆ ವಾಲಿಸಿ. ನಂತರ ಅದೇ ಕೆಲಸವನ್ನು ಇನ್ನೊಂದು ಫೋನಿನ ಟಾರ್ಚ್ ಬೆಳಕಿನಲ್ಲಿ ಬದಿಯಿಂದ ಬೆಳಕು ಬಿಟ್ಟು ಮಾಡಿ.

ಈಗ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಸರಿಯಾದ ಹಾಲೋಗ್ರಾಂನಲ್ಲಿ ಬಣ್ಣದ ಜೊತೆ ಚಿತ್ರವೂ ಬದಲಾಗುತ್ತದೆ. ಕಂಪನಿಯ ಗುರುತು ಕಂಡು ಮರೆಯಾಗಿ ಅಕ್ಷರ ಬರಬಹುದು, ಒಂದು ಪದರ ಮುಂದೆ ಇನ್ನೊಂದು ಹಿಂದೆ ಇದ್ದಂತೆ ಆಳ ಕಾಣಬಹುದು. ಅಗ್ಗದ ನಕಲಿಯಲ್ಲಿ ಸಾಮಾನ್ಯವಾಗಿ ಕಾಮನಬಿಲ್ಲಿನ ಬಣ್ಣದ ಹೊಳೆಯುವ ಹಾಳೆ ಇರುತ್ತದೆ, ಅದರ ಮೇಲೆ ಗುರುತನ್ನು ಶಾಯಿಯಿಂದ ಮುದ್ರಿಸಿರುತ್ತಾರೆ. ವಾಲಿಸಿದಾಗ ಬಣ್ಣದ ಪಟ್ಟೆಗಳು ಇಡೀ ಸ್ಟಿಕರ್ ಮೇಲೆ ಒಂದೇ ಸಮ ಹರಿದು ಹೋಗುತ್ತವೆ. ಗುರುತು ಮಾತ್ರ ಮಿಸುಕಾಡದೆ ಕಪ್ಪಗೋ ಬಿಳಿಯಾಗಿಯೋ ಹಾಗೇ ಇರುತ್ತದೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮತ್ತೆ ತಪ್ಪುವುದಿಲ್ಲ.

ಹಾಲೋಗ್ರಾಂ ನಿಜವಾದದ್ದೇ ಇದ್ದರೂ ಅದರಲ್ಲಿ ಏನು ಬರೆದಿದೆ ಎಂದು ಓದಿ. ಬರೀ "ಒರಿಜಿನಲ್" ಅಥವಾ "ಜೆನ್ಯುಯಿನ್" ಎಂದಿದ್ದರೆ ಅದಕ್ಕೆ ಬೆಲೆ ಇಲ್ಲ. ಅಂಥ ಸ್ಟಿಕರುಗಳ ಸುರುಳಿ ಯಾರು ಕೇಳಿದರೂ ಸಿಗುತ್ತದೆ. ಅದು ಹೇಳುವುದು ಸ್ಟಿಕರ್ ಬಗ್ಗೆ ಅಷ್ಟೇ, ಬಾಟ್ಲಿ ಬಗ್ಗೆ ಏನೂ ಇಲ್ಲ. ಕಂಪನಿಯ ಹೆಸರು ಅಥವಾ ಗುರುತು ಹಾಲೋಗ್ರಾಂನ ಒಳಗೇ ಇರಬೇಕು. ಕ್ರಮಸಂಖ್ಯೆ ಇದ್ದರೆ ಎರಡೂ ಬಾಟ್ಲಿಯದ್ದು ಹೋಲಿಸಿ. ಎರಡಕ್ಕೂ ಒಂದೇ ಸಂಖ್ಯೆ ಇದ್ದರೆ ಮುಂದೆ ನೋಡುವುದೇ ಬೇಡ.

ಸ್ಟಿಕರಿನ ಅಂಚನ್ನೂ ಬಿಡಬೇಡಿ. ಅದನ್ನು ಅರ್ಧ ಮುಚ್ಚಳಕ್ಕೆ, ಅರ್ಧ ಕುತ್ತಿಗೆಗೆ ಅಂಟಿಸಿದ್ದರೆ, ಮುಚ್ಚಳ ತಿರುಗಿಸಿದ ಕೂಡಲೇ ಹರಿಯಬೇಕು ಎಂಬುದು ಉದ್ದೇಶ. ಅಂಚು ಎದ್ದಿದೆಯೇ, ಅಂಟಿನ ಸುತ್ತ ಧೂಳು ಹಿಡಿದಿದೆಯೇ, ಕೆಳಗೆ ಇನ್ನೊಂದು ಸ್ಟಿಕರಿನ ಗುರುತು ಇದೆಯೇ ಎಂದು ಫೋಟೋ ದೊಡ್ಡದು ಮಾಡಿ ನೋಡಿ. ಕೆಲವು ಸ್ಟಿಕರ್ ಕಿತ್ತರೆ ಜೇನುಗೂಡಿನಂಥ ಬೆಳ್ಳಿ ಗುರುತು ಕೆಳಗೆ ಉಳಿಯುತ್ತದೆ. ಸೀಲ್ ಇರುವ ಬಾಟ್ಲಿಯಲ್ಲಿ ಅಂಥ ಗುರುತು ಕಂಡರೆ ಯಾರೋ ಅದನ್ನು ತೆರೆದಿದ್ದಾರೆ ಎಂದೇ ಅರ್ಥ.

ಹೋಲಿಸುವುದು ಯಾವುದರ ಜೊತೆ? ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿತ್ರದ ಜೊತೆ ಬೇಡ. ಅದು ಹಳೇ ಲೇಬಲ್ ಇರಬಹುದು, ಕಂಪನಿಗಳು ಹಾಲೋಗ್ರಾಂ ಬದಲಿಸುತ್ತಿರುತ್ತವೆ. ಗಂಜ್ ಮಾರುಕಟ್ಟೆಯಲ್ಲಿ ನಿಮಗೆ ಪರಿಚಯದ, ಬಿಲ್ ಕೊಡುವ ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಅಳತೆಯ, ಈ ವರ್ಷದ ಬಾಟ್ಲಿ ಇದ್ದರೆ ಅದರ ವಿಡಿಯೋ ತೆಗೆದುಕೊಳ್ಳಿ.

ಕ್ಯೂಆರ್ ಕೋಡ್: ಸ್ಕ್ಯಾನ್ ಆಯಿತು ಅಂದರೆ ಏನೂ ಆಗಲಿಲ್ಲ

ಇಲ್ಲಿಯೇ ಜಾಸ್ತಿ ಜನ ಮೋಸ ಹೋಗುವುದು. "ಸ್ಕ್ಯಾನ್ ಮಾಡಿದೆ, ಕಂಪನಿ ಪೇಜ್ ಬಂತು" ಎಂದು ನೆಮ್ಮದಿಯಾಗುತ್ತಾರೆ. ಆದರೆ ಕ್ಯೂಆರ್ ಕೋಡನ್ನು ಝೆರಾಕ್ಸ್ ಮಾಡಿದರೂ ಅದೇ ಪೇಜ್ ತೆರೆಯುತ್ತದೆ. ಹಾಲೋಗ್ರಾಂ ನಕಲು ಮಾಡಲು ಖರ್ಚಿದೆ, ಕ್ಯೂಆರ್ ಕೋಡ್ ನಕಲು ಮಾಡಲು ಒಂದು ಫೋಟೋ ಸಾಕು. ಕೋಡಿನಲ್ಲಿ ಇರುವುದು ಒಂದು ವಿಳಾಸ ಅಥವಾ ಒಂದಿಷ್ಟು ಅಕ್ಷರ, ಅಷ್ಟೇ. ಉತ್ತರ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ನಾವು ನೋಡಬೇಕಾದ್ದು ಆ ಉತ್ತರ ಮತ್ತು ಬಾಟ್ಲಿಯ ಮೇಲಿನ ಬರಹ ಹೊಂದುತ್ತವೆಯೇ ಎಂದು.

ಫೋಟೋದಲ್ಲಿರುವ ಕೋಡನ್ನು ಓದಲು ಇನ್ನೊಂದು ಫೋನ್ ಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಫೋಟೋಸ್‌ನಲ್ಲಿ ಆ ಚಿತ್ರ ತೆರೆದು ಲೆನ್ಸ್ ಒತ್ತಿದರೆ ಕೋಡಿನ ಒಳಗಿರುವುದು ಕಾಣುತ್ತದೆ. ಐಫೋನಿನಲ್ಲಿ ಚಿತ್ರದ ಕೋಡಿನ ಮೇಲೆ ಬೆರಳು ಒತ್ತಿ ಹಿಡಿಯಬೇಕು. ವಿಳಾಸ ಕಂಡ ಕೂಡಲೇ ತೆರೆಯಬೇಡಿ, ಮೊದಲು ಓದಿ. `example.com` ಎಂಬುದು ಕಂಪನಿಯ ತಾಣ ಎಂದಿಟ್ಟುಕೊಳ್ಳಿ. ಈ ಎರಡು ಸಾಲು ನೋಡಿ:

```
https://verify.example.com/p/7K3Q
https://example.com.verify.example.org/p/7K3Q
```

ಎರಡರಲ್ಲೂ ಕಂಪನಿಯ ಹೆಸರಿದೆ. ಆದರೆ ಎರಡನೆಯದು ಕಂಪನಿಯದ್ದಲ್ಲ. `https://` ಬಿಟ್ಟು, ಮುಂದೆ ಮೊದಲ ಓರೆ ಗೆರೆ ಎಲ್ಲಿದೆ ನೋಡಿ. ಅದರ ಹಿಂದೆಯೇ ಅಂಟಿಕೊಂಡಿರುವ ಕೊನೆಯ ಭಾಗ ಯಾವುದೋ ಅದೇ ನಿಜವಾದ ಒಡೆಯ. ಮೊದಲ ಸಾಲಿನಲ್ಲಿ ಅದು `example.com`, ಎರಡನೆಯದರಲ್ಲಿ `example.org`. ಕೆಲವು ಕಂಪನಿಗಳು ಈ ಕೆಲಸವನ್ನು ಬೇರೆ ಸಂಸ್ಥೆಗೆ ವಹಿಸಿರುತ್ತವೆ, ಆಗ ವಿಳಾಸ ಕಂಪನಿಯ ಹೆಸರಿನದ್ದಾಗಿರುವುದಿಲ್ಲ. ಹಾಗಿದ್ದರೆ ನಕಲಿ ಎಂದು ಹಾರಬೇಡಿ, ನಿಮ್ಮ ಬಳಿ ಇರುವ ಬಿಲ್ಲಿನ ಬಾಟ್ಲಿಯ ಕೋಡು ಯಾವ ತಾಣಕ್ಕೆ ಹೋಗುತ್ತದೆ ಎಂದು ಹೋಲಿಸಿ. ಪೇಜ್ ತೆರೆದ ಮೇಲೆ ಯುಪಿಐ ಪಿನ್, ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅಥವಾ ಆ್ಯಪ್ ಫೈಲ್ ಇಳಿಸಿಕೊಳ್ಳಲು ಹೇಳಿದರೆ ಕೂಡಲೇ ಮುಚ್ಚಿ. ಬಾಟ್ಲಿ ಅಸಲಿಯೇ ಎಂದು ತಿಳಿಯಲು ಅದ್ಯಾವುದೂ ಬೇಕಾಗಿಲ್ಲ.

ಇನ್ನು ಮುಖ್ಯವಾದದ್ದು: ಈ ಕೋಡು ಎಲ್ಲ ಬಾಟ್ಲಿಗೂ ಒಂದೇನಾ, ಒಂದೊಂದು ಬಾಟ್ಲಿಗೆ ಒಂದೊಂದಾ? ಎರಡು ಬಾಟ್ಲಿಯ ಫೋಟೋ ಕೇಳಿದ್ದು ಇದಕ್ಕೇ. ಕೆಲವು ಕಂಪನಿಗಳು ಲೇಬಲ್ ಜೊತೆಗೇ ಒಂದೇ ಕೋಡನ್ನು ಮುದ್ರಿಸುತ್ತವೆ, ಅದು ಬಳಸುವ ವಿಧಾನದ ಪೇಜಿಗೆ ಒಯ್ಯುತ್ತದೆ. ಎರಡೂ ಬಾಟ್ಲಿಯಲ್ಲಿ ಅದೇ ವಿಳಾಸ ಬಂದರೆ ತಪ್ಪೇನಿಲ್ಲ. ಆದರೆ ಅಂಥ ಕೋಡಿನಿಂದ ಅಸಲಿ-ನಕಲಿ ತಿಳಿಯುವುದೂ ಇಲ್ಲ. ಇನ್ನು ಕೆಲವು ಕಂಪನಿಗಳದ್ದು ಪ್ರತಿ ಬಾಟ್ಲಿಗೆ ಬೇರೆ ಕೋಡು, ವಿಳಾಸದ ಕೊನೆಯ ಅಕ್ಷರಗಳು ಬಾಟ್ಲಿಯಿಂದ ಬಾಟ್ಲಿಗೆ ಬದಲಾಗುತ್ತವೆ. ಇಂಥ ಕಂಪನಿಯ ಎರಡು ಬಾಟ್ಲಿಯಲ್ಲಿ ಕೊನೆಯ ಅಕ್ಷರದವರೆಗೂ ಒಂದೇ ವಿಳಾಸ ಬಂದರೆ ಅದು ನಕಲು.

ಮುದ್ರಣದಲ್ಲೂ ಸುಳಿವಿದೆ. ಪ್ರತಿ ಬಾಟ್ಲಿಗೆ ಬೇರೆ ಕೋಡು ಹಾಕಲು ಅದನ್ನು ಆಮೇಲೆ ಬೇರೆ ಯಂತ್ರದಲ್ಲಿ ಮುದ್ರಿಸುವುದುಂಟು. ಆಗ ಅದು ಲೇಬಲಿನ ಉಳಿದ ಬರಹದಷ್ಟು ನಯವಾಗಿರದೆ ಸ್ವಲ್ಪ ಒರಟಾಗಿ, ಬ್ಯಾಚ್ ನಂಬರಿನ ಶಾಯಿಯಂತೆಯೇ ಕಾಣುತ್ತದೆ. ಹಾಗಾಗಿ ಕೋಡು ಒರಟಾಗಿದೆ ಎಂದ ಮಾತ್ರಕ್ಕೆ ಅನುಮಾನ ಬೇಡ.

ಪೇಜಿನಲ್ಲಿ ಬರುವ ಉತ್ತರವನ್ನು ಬಾಟ್ಲಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ಹೊಂದಿಸಿ: ಔಷಧಿಯ ಹೆಸರು ಮತ್ತು ಶೇಕಡಾ ಪ್ರಮಾಣ, ಬಾಟ್ಲಿಯ ಅಳತೆ, ಬ್ಯಾಚ್ ನಂಬರ್, ಎರಡೂ ತಾರೀಖು. ನಕಲು ಮಾಡುವವರು ಒಂದು ಅಸಲಿ ಬಾಟ್ಲಿಯ ಕೋಡು ತೆಗೆದು ಸಾವಿರ ಬಾಟ್ಲಿಗೆ ಅಂಟಿಸುತ್ತಾರೆ. ಎಲ್ಲೋ ಒಂದು ಕಡೆ ತಾಳೆ ತಪ್ಪುತ್ತದೆ.

"ಈ ಕೋಡನ್ನು ಈಗಾಗಲೇ ಪರೀಕ್ಷಿಸಲಾಗಿದೆ" ಎಂದು ಬಂದರೆ? ಅದು ಸ್ವಲ್ಪ ಎಚ್ಚರದಿಂದ ಅರ್ಥ ಮಾಡಿಕೊಳ್ಳಬೇಕಾದ ಉತ್ತರ. ಫೋಟೋ ಕಳಿಸಿದವನು ಮೊದಲು ತಾನೇ ಸ್ಕ್ಯಾನ್ ಮಾಡಿರಬಹುದು, ಅಥವಾ ಅಂಗಡಿಯವರು ಮಾಡಿರಬಹುದು. ಮೊದಲು ಯಾವಾಗ ಪರೀಕ್ಷೆಯಾಯಿತು ಎಂದು ಪೇಜ್ ತೋರಿಸಿದರೆ ಆ ತಾರೀಖು ನೋಡಿ. ಎರಡು ತಿಂಗಳ ಹಿಂದಿನ ತಾರೀಖು ಇದ್ದು, ಬಾಟ್ಲಿ ನಿನ್ನೆ ತಂದದ್ದಾದರೆ ಅದು ಅನುಮಾನಕ್ಕೆ ಕಾರಣ. ಇದೇ ಕಾರಣಕ್ಕೆ ಕೆರೆದು ತೆಗೆಯುವ ಕೋಡು ಇದ್ದರೆ ಕೊಳ್ಳುವ ಮೊದಲೇ ಕೆರೆಸಬೇಡಿ. ಹಾಗೆ ಕೆರೆದ ಕೋಡಿನ ಫೋಟೋವನ್ನು ಊರ ಗುಂಪಿಗೆ ಹಾಕುವುದೂ ಬೇಡ, ಅದನ್ನು ಬೇರೆಯವರು ಕದ್ದು ಬಳಸಬಹುದು.

ಒಂದು ಬಾಟ್ಲಿಯ ಕಥೆ

ನನ್ನ ಅಣ್ಣನ ಮಗ ಆಳಂದ ತಾಲೂಕಿನ ಹಳ್ಳಿಯಲ್ಲಿ ತೊಗರಿ ಬೆಳೆಯುತ್ತಾನೆ. ಊರಿಗೆ ಗಾಡಿಯಲ್ಲಿ ಬಂದವನೊಬ್ಬನಿಂದ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಬಾಟ್ಲಿಗಳನ್ನು ಅಂಗಡಿ ದರಕ್ಕಿಂತ ಬಹಳ ಕಡಿಮೆಗೆ ತಂದಿದ್ದ. ಎಕರೆಗೆ 60 ಮಿಲಿ ಲೆಕ್ಕ, ಬಾಟ್ಲಿಯೂ 60 ಮಿಲಿಯದ್ದು. ಕಡಿಮೆ ದರ ಒಂದೇ ಇದ್ದರೆ ನಾನು ಗಾಬರಿಯಾಗುತ್ತಿರಲಿಲ್ಲ. ಈ ಔಷಧಿಯ ಪೇಟೆಂಟ್ 2022ರಲ್ಲಿ ಮುಗಿದ ಮೇಲೆ ಬೇರೆ ಬೇರೆ ಕಂಪನಿಗಳೂ ತಯಾರಿಸುತ್ತಿವೆ, ದರ ಇಳಿದಿದೆ. ಆದರೆ ಇದು ಹಳೇ ದೊಡ್ಡ ಹೆಸರಿನದ್ದೇ ಬಾಟ್ಲಿ, ಬಿಲ್ ಕೊಟ್ಟಿರಲಿಲ್ಲ. ಕೀಟನಾಶಕ ಮಾರುವ ಲೈಸೆನ್ಸ್ ಇಂತಿಂಥ ಜಾಗಕ್ಕೆ ಎಂದು ಕೊಡುತ್ತಾರೆ, ಗಾಡಿಯಲ್ಲಿ ಊರೂರು ತಿರುಗಿ ಮಾರಲು ಅಲ್ಲ.

ಮೊದಲ ಫೋಟೋದಲ್ಲಿ ಏನೂ ತಿಳಿಯಲಿಲ್ಲ. ಎರಡು ಬಾಟ್ಲಿ ಇಟ್ಟು ಮತ್ತೆ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಮುಚ್ಚಳದ ಮೇಲಿನ ಸ್ಟಿಕರ್ ವಿಡಿಯೋದಲ್ಲಿ ಚೆನ್ನಾಗಿಯೇ ಹೊಳೆಯುತ್ತಿತ್ತು. ವಾಲಿಸಿದಾಗ ಬಣ್ಣ ಹರಿಯಿತು, ನಡುವಿನ ಅಕ್ಷರ ಮಾತ್ರ ಇದ್ದ ಹಾಗೇ ಇತ್ತು. ನಿಲ್ಲಿಸಿ ದೊಡ್ಡದು ಮಾಡಿ ಓದಿದರೆ ಕಂಪನಿಯ ಹೆಸರೇ ಇಲ್ಲ, ಬರೀ "ಒರಿಜಿನಲ್".

ಕ್ಯೂಆರ್ ಓದಿಸಿದೆ. ವಿಳಾಸ ಸರಿಯಾಗಿಯೇ ಇತ್ತು, ಕಂಪನಿಯದ್ದೇ ತಾಣ. ಹುಡುಗ ಖುಷಿಯಾದ. "ನೋಡ್ರಿ ಕಾಕಾ, ಅಸಲಿನೇ ಅದ" ಎಂದ. ಎರಡನೇ ಬಾಟ್ಲಿಯ ಕೋಡೂ ಓದಿಸಿದೆ. ಕೊನೆಯ ಅಕ್ಷರದವರೆಗೆ ಅದೇ ವಿಳಾಸ. ಪೇಜ್ ತೆರೆದರೆ ಔಷಧಿ ಹೆಸರು ಸರಿ, ಆದರೆ ಅಳತೆ 150 ಮಿಲಿ ಎಂದಿತ್ತು. ಕೈಯಲ್ಲಿರುವುದು 60 ಮಿಲಿ ಬಾಟ್ಲಿ. ಬ್ಯಾಚ್ ನಂಬರೂ ಬೇರೆ. ಅಂದರೆ ಯಾರೋ ಒಂದು ದೊಡ್ಡ ಬಾಟ್ಲಿಯ ಕೋಡನ್ನು ತೆಗೆದು ಚಿಕ್ಕ ಬಾಟ್ಲಿಗಳಿಗೆಲ್ಲ ಮುದ್ರಿಸಿದ್ದರು. ಅಲ್ಲಿಗೆ ಮುಗಿಯಿತು. ಹೊಡೆಯಬೇಡ ಎಂದೆ.

ಹುಡುಗ ಲೇಬಲ್ ಮೇಲಿದ್ದ ನಂಬರಿಗೆ ಫೋನ್ ಮಾಡಲು ಹೊರಟಿದ್ದ, ತಡೆದೆ. ಅನುಮಾನ ಇರುವ ಲೇಬಲ್ಲಿನ ಮೇಲಿನ ನಂಬರಿಗೆ ಫೋನ್ ಮಾಡಿ ಅದೇ ಲೇಬಲ್ ಬಗ್ಗೆ ವಿಚಾರಿಸಿದರೆ ಏನು ಪ್ರಯೋಜನ? ನಂಬರನ್ನು ಕಂಪನಿಯ ತಾಣದಿಂದ ಅಥವಾ ಬಿಲ್ ಇರುವ ಬಾಟ್ಲಿಯ ಮಡಿಕೆ ಕಾಗದದಿಂದ ತೆಗೆದುಕೊಳ್ಳಬೇಕು. ಬ್ಯಾಚ್ ನಂಬರ್ ಓದಿ ಹೇಳಿದರೆ ಅಂಥ ಬ್ಯಾಚ್ ಆ ಅಳತೆಯಲ್ಲಿ ಹೊರಬಂದಿದೆಯೇ ಎಂದು ಕೇಳಬಹುದು.

ತಪ್ಪು ಕಾಣದಿದ್ದರೆ

ಹಾಲೋಗ್ರಾಂ ಸರಿ ಇದೆ, ಕೋಡು ಹೊಂದಿತು. ಆಗಲೂ ಬಾಟ್ಲಿಯನ್ನೊಮ್ಮೆ ನೋಡಿ. ಮುಚ್ಚಳದ ಕೆಳಗಿನ ಉಂಗುರ ಮುರಿದಿರಬಾರದು. ತೆರೆದ ಮೇಲೆ ಬಾಯಿಗೆ ಅಂಟಿಸಿದ ಹಾಳೆ ಇರುವ ಬಾಟ್ಲಿಯಾದರೆ ಅದು ಸುತ್ತಲೂ ಸಮವಾಗಿ ಅಂಟಿರಬೇಕು, ಸುಕ್ಕು ಇರಬಾರದು. ಲೇಬಲಿನಲ್ಲಿ ನೋಂದಣಿ ಸಂಖ್ಯೆ, ತಯಾರಕರ ಹೆಸರು, ವಿಷದ ತೀವ್ರತೆ ತೋರಿಸುವ ಬಣ್ಣದ ತ್ರಿಕೋನ ಇರಲೇಬೇಕು. ತೀವ್ರತೆ ಹೆಚ್ಚಿನದರಿಂದ ಕಡಿಮೆಗೆ ಕೆಂಪು, ಹಳದಿ, ನೀಲಿ, ಹಸಿರು. ಎರಡು ಬಾಟ್ಲಿಯಲ್ಲಿ ಒಂದೇ ಔಷಧಿ ಇದ್ದು ತ್ರಿಕೋನದ ಬಣ್ಣ ಬೇರೆ ಕಂಡರೆ ಕೈ ಹಾಕಬೇಡಿ. ಇಷ್ಟಾದರೂ ಒಳಗಿನ ದ್ರವದಲ್ಲಿ ಔಷಧಿ ಎಷ್ಟಿದೆ ಎಂದು ಹೇಳುವುದು ಪ್ರಯೋಗಾಲಯದ ಕೆಲಸ. ಬಣ್ಣ, ವಾಸನೆ ನೋಡಿ ಹೇಳಲು ಹೋಗಬೇಡಿ, ಮೂಸುವುದಂತೂ ಬೇಡವೇ ಬೇಡ.

ನಕಲಿ ಎನಿಸಿದರೆ ಏನು ಮಾಡಬೇಕು

ಬಾಟ್ಲಿ ತೆರೆಯಬೇಡಿ, ಚೆಲ್ಲಬೇಡಿ, ಸಿಟ್ಟಿಗೆ ಎಸೆಯಲೂ ಬೇಡಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. 1968ರ ಕೀಟನಾಶಕ ಕಾಯ್ದೆಯಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಇದೆ. ಬಿಲ್ ಇದ್ದರೆ ಬಿಲ್, ಇಲ್ಲದಿದ್ದರೆ ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಹಣ ಕೊಟ್ಟ ದಾಖಲೆ, ಮಾರಿದವನ ಜೊತೆ ಆಡಿದ ಮಾತಿನ ಚಾಟ್, ಗಾಡಿ ನಂಬರ್ ಗೊತ್ತಿದ್ದರೆ ಅದು, ಎಲ್ಲವನ್ನೂ ಇಟ್ಟುಕೊಳ್ಳಿ. ಫೋಟೋಗಳನ್ನು ಕತ್ತರಿಸದೆ, ಮೂಲ ರೂಪದಲ್ಲೇ ಉಳಿಸಿ. ಎಲ್ಲಿಗೆ ಹೋಗುವುದು ಎಂದು ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಿ ಕೇಳಬಹುದು.

ನಿಮ್ಮ ಅಸಲಿ ಬಾಟ್ಲಿ ಖಾಲಿಯಾದಾಗ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿಯಿರಿ. ಆಮೇಲೆ ಹಾಲೋಗ್ರಾಂ ಅನ್ನು ಮೊಳೆಯಿಂದ ಕೆರೆದು ಹಾಳು ಮಾಡಿ, ಕ್ಯೂಆರ್ ಮೇಲೆ ಗೀರಿ, ಬಾಟ್ಲಿಯ ತಳಕ್ಕೆ ತೂತು ಮಾಡಿ. ಗುಜರಿಯವನಿಗೆ ಇಡಿಯಾಗಿ ಕೊಟ್ಟ ಬಾಟ್ಲಿ ಮುಂದಿನ ಹಂಗಾಮಿಗೆ ಅಸಲಿ ಸ್ಟಿಕರ್ ಸಮೇತ ಇನ್ನೊಬ್ಬರ ಹೊಲಕ್ಕೆ ಬರಬಹುದು, ಅದರ ಫೋಟೋ ಎಷ್ಟೇ ಚೆನ್ನಾಗಿ ಪರೀಕ್ಷಿಸಿದರೂ ಸಿಕ್ಕಿಬೀಳುವುದಿಲ್ಲ.